ಮುಕ್ಕಾಲಿನಲ್ಲಿ ಎಷ್ಟು ಅರ್ಧ? ಒಂದೇ ಉತ್ತರ, ಒಂದೇ ಮನೆಯ ಮೂವರು

ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಊರಿನ ವಾಚನಾಲಯದಲ್ಲಿ ನಾನು ವಾರಕ್ಕೆ ಮೂರು ಸಂಜೆ ಲೆಕ್ಕ ಹೇಳಿಕೊಡುತ್ತೇನೆ. ಬರುವವರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದ ಮಕ್ಕಳು. ಸಾಕ್ಷರತಾ ಮಿಷನ್‌ನ ಹತ್ತನೇ ತರಗತಿ ತತ್ಸಮಾನ ಪರೀಕ್ಷೆಗೆ ಓದುತ್ತಿರುವ ನಾಲ್ಕೈದು ಹೆಂಗಸರೂ ಇದ್ದಾರೆ. ಊರಿನಲ್ಲಿ ಅದನ್ನು ಮಲಯಾಳದ ಹೆಸರಿನಲ್ಲೇ 'ತುಲ್ಯತಾ ಕ್ಲಾಸು' ಅನ್ನುತ್ತಾರೆ.

ಈ ಪ್ರಕರಣ ಒಂದೇ ಮನೆಯ ಮೂವರದು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ, ಹೆಸರು ಹೇಳುವುದಿಲ್ಲ. ತಂಗಿ ಮೂರನೇ ಕ್ಲಾಸು. ಅಣ್ಣ ಎಂಟನೇ ಕ್ಲಾಸು. ಅಮ್ಮ ತುಲ್ಯತಾ ಕ್ಲಾಸಿಗೆ ಬರುವವರು, ಮನೆಯ ತೆಂಗಿನಕಾಯಿಯಿಂದ ಎಣ್ಣೆ ಮಾಡಿಸಿ ಅಕ್ಕಪಕ್ಕದವರಿಗೆ ಅಳೆದು ಮಾರುತ್ತಾರೆ.

ಒಂದು ಸಂಜೆ ಅಮ್ಮ ಮಗನ ವರ್ಕ್‌ಶೀಟ್ ಹಿಡಿದುಕೊಂಡು ಬಂದರು. "ಟೀಚರೇ, ಇದರಲ್ಲಿ ಉತ್ತರ ತಪ್ಪು ಅಚ್ಚಾಗಿದೆಯಾ ನೋಡಿ" ಅಂದರು. ಅದು ಹಿಂದಿನ ತರಗತಿಗಳ ಪಾಠ ನೆನಪಿಸುವ ಹಾಳೆ. ಒಂದೇ ಪ್ರಶ್ನೆಯನ್ನು ಎರಡು ರೀತಿಯಲ್ಲಿ ಕೇಳಿದ್ದರು. ಮೊದಲು ಬರೀ ಲೆಕ್ಕ: 3/4 ÷ 1/2 = ? ಅದರ ಕೆಳಗೆ: ಮುಕ್ಕಾಲು ಲೀಟರ್ ಎಣ್ಣೆಯನ್ನು ಅರ್ಧ ಲೀಟರಿನ ಬಾಟಲಿಗಳಿಗೆ ತುಂಬಿಸಿದರೆ ಎಷ್ಟು ಬಾಟಲಿ ತುಂಬುತ್ತದೆ? ಹಾಳೆಯ ಬುಡದಲ್ಲಿ ಉತ್ತರ ಇತ್ತು: 1 1/2.

ಹಿಂದಿನ ರಾತ್ರಿ ಮನೆಯಲ್ಲಿ ಇದಕ್ಕೆ ದೊಡ್ಡ ಚರ್ಚೆಯೇ ಆಗಿತ್ತಂತೆ. ಅಣ್ಣನ ಉತ್ತರ ಒಂದೂವರೆ. "ತಿರುಗಿಸಿ ಗುಣಿಸಬೇಕು, ಅಷ್ಟೇ" ಅಂತ ಅವನ ವಾದ. ಪಕ್ಕದಲ್ಲಿ ಕೂತಿದ್ದ ತಂಗಿ "ಒಂದು ಬಾಟಲಿ ತುಂಬಿ ಕಾಲು ಲೀಟರ್ ಉಳಿಯುತ್ತದಲ್ವಾ, ಹಾಗಾದರೆ ಒಂದೂಕಾಲು" ಅಂದಿದ್ದಳು. ಅಮ್ಮನ ಉತ್ತರ ಎರಡು. ಮುಕ್ಕಾಲು ಲೀಟರ್ ಹಾಕಲು ಅವರು ಎರಡು ಬಾಟಲಿ ತೆಗೆದಿಡಲೇಬೇಕು. ಜೊತೆಗೆ ಇನ್ನೊಂದು ತಕರಾರು: "ಭಾಗಿಸಿದರೆ ಕಡಿಮೆ ಆಗಬೇಕು. ಮುಕ್ಕಾಲನ್ನು ಭಾಗಿಸಿದರೆ ಒಂದೂವರೆ ಹೇಗೆ ಬರುತ್ತದೆ?"

ಉತ್ತರ ಸರಿಯಾಗಿಯೇ ಅಚ್ಚಾಗಿತ್ತು. ಆದರೆ ಮೂವರಲ್ಲಿ ಯಾರಿಗೂ ಅದು ಯಾಕೆ ಸರಿ ಅಂತ ಗೊತ್ತಿರಲಿಲ್ಲ. ಸರಿ ಬರೆದ ಅಣ್ಣನಿಗೂ ಗೊತ್ತಿರಲಿಲ್ಲ. ನೋಡೋಣ ಅಂತ ಅವನಿಗೆ 2/3 ÷ 3/4 ಕೊಟ್ಟೆ. ಅವನು ಮೊದಲನೆಯದನ್ನು ತಿರುಗಿಸಿ 3/2 × 3/4 ಅಂತ ಬರೆದು 9/8 ಅಂದ. ಯಾವುದನ್ನು ತಿರುಗಿಸಬೇಕು ಅನ್ನುವುದು ಅವನಿಗೆ ಬಾಯಿಪಾಠದ ವಿಷಯ, ಒಂದೊಂದು ಸಲ ಒಂದೊಂದು ಕಡೆಗೆ ಹೋಗುತ್ತಿತ್ತು.

ಮೊದಲ ಪ್ರಯತ್ನ

ಮೂವರನ್ನೂ ಒಟ್ಟಿಗೆ ಕೂರಿಸಿ ಒಂದೇ ವಿವರಣೆ ಕೊಟ್ಟೆ. ಅದೇ ನಾನು ಮಾಡಿದ ಮೊದಲ ತಪ್ಪು. ವಿವರಣೆ ಒಂದೇ ಇರಲಿ, ಚಿಕ್ಕವಳಿಗೆ ಸ್ವಲ್ಪ ಕಥೆ ಸೇರಿಸಿ ಸುಲಭ ಮಾಡೋಣ, ಅಣ್ಣನಿಗೆ ಅಂಶ, ಛೇದ ಅಂತ ಪದ ಸೇರಿಸೋಣ ಅಂದುಕೊಂಡಿದ್ದೆ. ಅಂಗಡಿಯ ಅಜ್ಜ, ಅವರ ಎಣ್ಣೆ ಡಬ್ಬ, ಕೊಳ್ಳಲು ಬಂದವರು ಅಂತೆಲ್ಲ ಕಥೆ ಕಟ್ಟಿದೆ. ಮುಗಿದ ಮೇಲೆ ತಂಗಿ ಕೇಳಿದ್ದು, ಕೊನೆಗೆ ಬಂದವರಿಗೆ ಎಣ್ಣೆ ಸಿಕ್ಕಿತಾ ಅಂತ. ಕಥೆ ಅವಳಿಗೆ ಪೂರ್ತಿ ಅರ್ಥವಾಗಿತ್ತು. ಲೆಕ್ಕ ಅದರ ಅಡಿಯಲ್ಲಿ ಮುಳುಗಿಹೋಗಿತ್ತು.

ಆಮೇಲೆ ಬಾಟಲಿ ತರಿಸಿದೆ. ಅಮ್ಮ ಒಂದು ನಿಮಿಷ ನೋಡಿದರು. ಮಕ್ಕಳ ಮುಂದೆ ಅವರ ಮುಖ ಸಣ್ಣದಾದದ್ದು ನನಗೆ ಕಂಡಿತು. ಮೆಲ್ಲಗೆ ಹೇಳಿದರು: "ಬಾಟಲಿ ನನಗೆ ಗೊತ್ತುಂಟು ಟೀಚರೇ. ದಿನಾ ತುಂಬಿಸುವವಳು ನಾನು. ಭಾಗಿಸಿದ್ದು ದೊಡ್ಡದು ಆದದ್ದು ಹೇಗೆ, ಅದು ಗೊತ್ತಿಲ್ಲ."

ಆ ಮಾತಿನಿಂದಲೇ ದಾರಿ ಬದಲಾಯಿತು. ಮೂವರ ಹಾಳೆಯಲ್ಲಿ ಪ್ರಶ್ನೆ ಒಂದೇ, ಆದರೆ ಮೂವರ ಮನಸ್ಸಿನಲ್ಲಿದ್ದ ಪ್ರಶ್ನೆ ಬೇರೆ ಬೇರೆ. ತಂಗಿಗೆ ಬೇಕಾದದ್ದು: ಉಳಿದದ್ದಕ್ಕೆ ಏನಂತ ಹೇಳಬೇಕು? ಅಣ್ಣನಿಗೆ: ಯಾಕೆ ತಿರುಗಿಸಬೇಕು, ಯಾವುದನ್ನು? ಅಮ್ಮನಿಗೆ: ಭಾಗಿಸುವುದು ಅಂದರೆ ನಿಜಕ್ಕೂ ಏನು? ಅವತ್ತು ಅಲ್ಲಿಗೇ ನಿಲ್ಲಿಸಿ, ಒಬ್ಬೊಬ್ಬರಿಗೂ ಬೇರೆ ಬೇರೆ ಸಂಜೆ ಇಟ್ಟುಕೊಂಡೆ.

ತಂಗಿಗೆ: ಉಳಿದದ್ದು ಕಾಲಾ, ಅರ್ಧವಾ?

ಅವಳಿಗೆ ಬಾಟಲಿಯೇ ಬೇಕಿತ್ತು. ಲೀಟರ್ ಬಾಟಲಿಗೆ ಸ್ಕೇಲಿಟ್ಟು ನಾಲ್ಕು ಗೆರೆ ಎಳೆಯಲು ಹೊರಟು ಕೈಬಿಟ್ಟೆ. ಬಾಟಲಿಯ ತಳ ಉಬ್ಬುತಗ್ಗು, ಕುತ್ತಿಗೆ ಸಪೂರ, ಆದ್ದರಿಂದ ಸ್ಕೇಲಿನಲ್ಲಿ ಸಮವಾಗಿ ಎಳೆದ ಗೆರೆ ನೀರಿನ ಸಮಭಾಗ ಆಗುವುದಿಲ್ಲ. ಅದರ ಬದಲು ಕಾಲು ಲೀಟರಿನ ಒಂದು ಸಣ್ಣ ಬಾಟಲಿಯಿಂದ ಅವಳೇ ನೀರು ಹಾಕಿದಳು. ಒಂದು ಸಲ ಹಾಕಿ ಪೆನ್ನಿನಿಂದ ಗುರುತು. ಎರಡನೇ ಸಲ ಗುರುತು. ಮೂರನೇ ಸಲ ಹಾಕಿದಾಗ ನಾನು "ಈಗ ಎಷ್ಟಾಯಿತು?" ಅಂದೆ. "ಮುಕ್ಕಾಲು" ಅಂದವಳು ಒಮ್ಮೆಲೇ ತಲೆ ಎತ್ತಿದಳು. "ಮುಕ್ಕಾಲು ಅಂದ್ರೆ ಮೂರು ಕಾಲಾ ಟೀಚರ್?"

ನಾವು ದಿನಾ ಆಡುವ ಪದ. ಅದರೊಳಗೆ ಲೆಕ್ಕ ಹಾಗೆಯೇ ಕೂತಿದೆ. 3/4 ಅಂತ ಬರೆದರೆ ಮೂರನೇ ಕ್ಲಾಸಿನ ಮಗುವಿಗೆ ಅದು ಗೆರೆಯ ಮೇಲೊಂದು, ಕೆಳಗೊಂದು ಸಂಖ್ಯೆ. ಮುಕ್ಕಾಲು ಅಂದರೆ ಮೂರು ಕಾಲು, ಎಣಿಸಬಹುದಾದ ವಸ್ತು. ಅರ್ಧ ಅಂದರೆ ಎಷ್ಟು ಕಾಲು ಅಂತ ಕೇಳಿದೆ. ಎರಡು ಅಂದಳು. ಅಲ್ಲಿಗೆ ಲೆಕ್ಕದ ಮುಕ್ಕಾಲು ಭಾಗ ಮುಗಿದಿತ್ತು: ಮೂರರಲ್ಲಿ ಎರಡೆರಡಾಗಿ ತೆಗೆಯುವುದು.

ಆಮೇಲೆ ಆ ನೀರನ್ನು ಅರ್ಧ ಲೀಟರಿನ ಎರಡು ಬಾಟಲಿಗೆ ಸುರಿದಳು. ಒಂದು ತುಂಬಿತು. ಇನ್ನೊಂದು ಅರ್ಧಕ್ಕೆ ನಿಂತಿತು. "ಒಂದು ಬಾಟಲಿ, ಮತ್ತೆ ಕಾಲು" ಅಂದಳು, ಮೊದಲಿನ ಹಾಗೆಯೇ. ನಾನು ತಪ್ಪು ಅನ್ನಲಿಲ್ಲ. ತಪ್ಪಲ್ಲವೂ ಹೌದು, ಉಳಿದದ್ದು ಕಾಲು ಲೀಟರೇ. ಎರಡನೇ ಬಾಟಲಿಯನ್ನು ಅವಳ ಮುಂದಿಟ್ಟು, "ಈ ಬಾಟಲಿ ಎಷ್ಟು ತುಂಬಿದೆ?" ಅಂತ ಮಾತ್ರ ಕೇಳಿದೆ.

"ಅರ್ಧ."

"ಹಾಗಾದರೆ ಅದು ಕಾಲಾ, ಅರ್ಧವಾ?"

ಅವಳು ತುಂಬಾ ಹೊತ್ತು ಸುಮ್ಮನೆ ಕೂತಳು. ಬಾಟಲಿಯನ್ನು ಎತ್ತಿ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದಳು. ಆಮೇಲೆ ಹೇಳಿದಳು: "ಲೀಟರಿಗೆ ಕಾಲು. ಬಾಟಲಿಗೆ ಅರ್ಧ."

ಈ ಲೆಕ್ಕದ ಜೀವವೇ ಆ ಎರಡು ಮಾತು. ಪ್ರಶ್ನೆ ಕೇಳಿದ್ದು ಎಷ್ಟು ಬಾಟಲಿ ಅಂತ, ಎಷ್ಟು ಲೀಟರ್ ಅಂತ ಅಲ್ಲ. ಹಾಗಾಗಿ ಉಳಿದದ್ದನ್ನೂ ಬಾಟಲಿಯಲ್ಲೇ ಅಳೆಯಬೇಕು. ಒಂದು ಬಾಟಲಿ ಮತ್ತು ಅರ್ಧ ಬಾಟಲಿ, ಒಂದೂವರೆ. 'ಒಂದೂಕಾಲು' ಅಂದಾಗ ಅವಳು ಬಾಟಲಿ ಒಂದು, ಲೀಟರ್ ಕಾಲು, ಎರಡನ್ನೂ ಒಟ್ಟಿಗೆ ಕೂಡಿಸಿದ್ದಳು. ದೊಡ್ಡವರೂ ಇಲ್ಲೇ ಎಡವುತ್ತಾರೆ.

ಆ ಖುಷಿಯಲ್ಲಿ ನಾನು ಇನ್ನೊಂದು ಹೆಜ್ಜೆ ಹಾಕಿದೆ. ಸ್ಲೇಟಿನಲ್ಲಿ 3/4 ÷ 1/2 = 1 1/2 ಅಂತ ಬರೆದು, ನೀನು ಈಗ ಮಾಡಿದ್ದು ಇದೇ ಅಂದೆ. ಅವಳ ಕಣ್ಣು ಬಾಟಲಿಯಿಂದ ಸ್ಲೇಟಿಗೆ ಹೋಯಿತು, ಮಾತು ನಿಂತಿತು. ಆ ಚಿಹ್ನೆಗಳನ್ನು ಓದಲು ಬೇಕಾದ ಪಾಠ ಅವಳಿಗೆ ಇನ್ನೂ ಆಗಿಲ್ಲ. ಒರೆಸಿಬಿಟ್ಟೆ. ಅವಳ ಮಟ್ಟಕ್ಕೆ ಉತ್ತರ ಮುಗಿಯುವುದು "ಬಾಟಲಿಗೆ ಅರ್ಧ" ಅನ್ನುವಲ್ಲಿ. ಅದು ಅರ್ಧಂಬರ್ಧ ಉತ್ತರ ಅಲ್ಲ, ಪೂರ್ತಿ ಉತ್ತರವೇ.

ಅಮ್ಮನಿಗೆ: ಭಾಗ ಮಾಡುವುದು ಎರಡು ಬಗೆ

ಅಮ್ಮನ ಜೊತೆ ಬಾಟಲಿ ತೆಗೆಯಲೇ ಇಲ್ಲ. ಅವರ ಮಾತಿನಿಂದಲೇ ಶುರು ಮಾಡಿದೆ. ಆರು ತೆಂಗಿನಕಾಯಿಯನ್ನು ಮೂರರಿಂದ ಭಾಗಿಸಿ ಅಂದರೆ ಏನು ಮಾಡುತ್ತೀರಿ ಅಂದೆ. ಮೂರು ಮಂದಿಗೆ ಹಂಚುತ್ತೇನೆ, ಒಬ್ಬೊಬ್ಬರಿಗೆ ಎರಡು ಅಂದರು. "ಮೂರು ಮೂರರ ರಾಶಿ ಹಾಕಿದರೆ ಎಷ್ಟು ರಾಶಿ?" ಅಂದೆ. ಎರಡು. ಉತ್ತರ ಒಂದೇ, ಕೆಲಸ ಬೇರೆ. ಮೊದಲನೆಯದು ಹಂಚುವುದು. ಎರಡನೆಯದು ಅಳೆಯುವುದು, ಇಷ್ಟರಲ್ಲಿ ಅದು ಎಷ್ಟು ಸಲ ಅಂತ ಕೇಳುವುದು.

ಶಾಲೆಯಲ್ಲಿ ಹೆಚ್ಚಾಗಿ ಮೊದಲು ಕಲಿಯುವುದು ಹಂಚುವುದನ್ನು. ಕನ್ನಡದಲ್ಲಿ ಪದವೇ 'ಭಾಗಿಸು', ಕೇಳಿದ ಕೂಡಲೇ ಪಾಲು ನೆನಪಾಗುತ್ತದೆ. ಪಾಲು ಮಾಡಿದರೆ ಪ್ರತಿ ಪಾಲು ಮೊದಲಿಗಿಂತ ಸಣ್ಣದೇ. ಆದ್ದರಿಂದ ಅವರ ತಕರಾರು ಸರಿಯಾದ ಅನುಭವದಿಂದಲೇ ಬಂದದ್ದು. ಆದರೆ ಅರ್ಧ ಮನುಷ್ಯನಿಗೆ ಹಂಚುವುದು ಹೇಗೆ? 1/2 ರಿಂದ ಭಾಗಿಸು ಅಂದಾಗ ಆ ಅರ್ಥ ಕೈಕೊಡುತ್ತದೆ. ಅಳೆಯುವ ಅರ್ಥ ಇಲ್ಲಿ ಕೈಹಿಡಿಯುತ್ತದೆ.

ಹಾಳೆಯಲ್ಲಿ ಒಂದರ ಕೆಳಗೆ ಒಂದು ಬರೆದೆವು. ಆರು ಲೀಟರ್ ಎಣ್ಣೆ, ಎರಡು ಲೀಟರಿನ ಕ್ಯಾನಿನಲ್ಲಿ ಅಳೆದರೆ ಮೂರು ಸಲ. ಒಂದು ಲೀಟರಿನಲ್ಲಿ ಆರು ಸಲ. ಅರ್ಧ ಲೀಟರಿನಲ್ಲಿ ಹನ್ನೆರಡು ಸಲ. ಅವರು ನಾನು ಹೇಳುವ ಮೊದಲೇ ಹೇಳಿದರು: "ಅಳತೆಯ ಪಾತ್ರೆ ಸಣ್ಣದಾದಷ್ಟು ಸಲ ಜಾಸ್ತಿ." ಹೌದು. ಎಣ್ಣೆ ಜಾಸ್ತಿ ಆಗಲಿಲ್ಲ, ಎಣಿಕೆ ಜಾಸ್ತಿ ಆಯಿತು. ಮುಕ್ಕಾಲು ಅನ್ನುವುದು ಲೀಟರ್, ಒಂದೂವರೆ ಅನ್ನುವುದು ಸಲ. ಎರಡೂ ಬೇರೆ ಜಾತಿಯ ಸಂಖ್ಯೆ, ಅವುಗಳಲ್ಲಿ ಯಾವುದು ದೊಡ್ಡದು ಅಂತ ಹೋಲಿಸಿದ್ದೇ ಗೊಂದಲದ ಬೇರು.

ಇನ್ನೊಂದು ಗಂಟು ಭಾಷೆಯಲ್ಲೇ ಇತ್ತು. 'ಮುಕ್ಕಾಲನ್ನು ಅರ್ಧ ಮಾಡು' ಮತ್ತು 'ಮುಕ್ಕಾಲನ್ನು ಅರ್ಧದಿಂದ ಭಾಗಿಸು', ಕಿವಿಗೆ ಎರಡೂ ಒಂದೇ ಥರ. ಅರ್ಧ ಮಾಡುವುದು ಅಂದರೆ ಎರಡರಿಂದ ಭಾಗಿಸುವುದು, ಆಗ ಬರುವುದು 3/8. ಅರ್ಧದಿಂದ ಭಾಗಿಸುವುದು ಅಂದರೆ ಅದರಲ್ಲಿ ಎಷ್ಟು ಅರ್ಧ ಇದೆ ಅಂತ ನೋಡುವುದು, ಆಗ 3/2. ಅಮ್ಮ ಇದನ್ನು ತಮ್ಮ ನೋಟಿನಲ್ಲಿ ಅವರದೇ ಮಾತಿನಲ್ಲಿ ಬರೆದುಕೊಂಡರು.

ಅವರ 'ಎರಡು ಬಾಟಲಿ' ಉತ್ತರವನ್ನೂ ಬಿಟ್ಟುಬಿಡಲಿಲ್ಲ. ಪ್ರಶ್ನೆಯಲ್ಲಿ 'ಎಷ್ಟು ಬಾಟಲಿ ತುಂಬುತ್ತದೆ' ಅಂತ ಇದೆ. 'ಎಷ್ಟು ಬಾಟಲಿ ಬೇಕು' ಅಂತ ಇದ್ದಿದ್ದರೆ ಎರಡೇ ಸರಿ. ಪರೀಕ್ಷೆಯಲ್ಲಿ ಕೊನೆಯ ಪದ ಓದಿ ನೋಡಬೇಕಾದ ಜಾಗ ಇದು.

ತಿರುವು ಬಂದದ್ದು ದರದ ಲೆಕ್ಕದಲ್ಲಿ. ಅಭ್ಯಾಸಕ್ಕೆ ಅಂತ ಒಂದು ಲೆಕ್ಕ ಹೇಳಿದೆ: ಮುಕ್ಕಾಲು ಲೀಟರಿಗೆ 300 ರೂಪಾಯಿ ಆದರೆ ಲೀಟರಿಗೆ ಎಷ್ಟು? ಪೆನ್ನು ಕೂಡ ಮುಟ್ಟದೆ ಹೇಳಿದರು: "ಕಾಲಿಗೆ ನೂರು, ಲೀಟರಿಗೆ ನಾನೂರು." ಹೇಗೆ ಮಾಡಿದಿರಿ ಅಂತ ಕೇಳಿದೆ. "ಮುಕ್ಕಾಲು ಅಂದರೆ ಮೂರು ಕಾಲಲ್ವಾ, ಮುನ್ನೂರನ್ನು ಮೂರು ಪಾಲು ಮಾಡಿದೆ. ಲೀಟರಿಗೆ ನಾಲ್ಕು ಕಾಲು, ನಾಲ್ಕರಿಂದ ಹೆಚ್ಚಿಸಿದೆ."

ಲೀಟರಿನ ದರ ಅಂದರೆ ಬೆಲೆಯನ್ನು ಲೀಟರಿನಿಂದ ಭಾಗಿಸುವುದು, ಹಾಗಾಗಿ ಅವರು ಮಾಡಿದ್ದು 300 ÷ 3/4. ಮೂರರಿಂದ ಭಾಗಿಸಿ ನಾಲ್ಕರಿಂದ ಗುಣಿಸಿದ್ದರು. ಅಂದರೆ 300 × 4/3. ಮಗ ಬಾಯಿಪಾಠ ಮಾಡಿದ 'ತಿರುಗಿಸಿ ಗುಣಿಸು' ಅಮ್ಮನ ಬಾಯಲ್ಲಿ ಕಾರಣದ ಸಮೇತ ಇತ್ತು, ವರ್ಷಗಟ್ಟಲೆ.

ಅಣ್ಣನಿಗೆ: ತಿರುಗಿಸುವುದು ಯಾಕೆ

ಮಗನನ್ನು ಆ ಮೇಜಿಗೆ ಕರೆದೆ. ಅಮ್ಮನನ್ನು ಇನ್ನೊಂದು ಸಲ ಹೇಳಲು ಕೇಳಿಕೊಂಡೆ. ಇದನ್ನು ನಾನು ಯೋಚಿಸಿಯೇ ಮಾಡಿದೆ. ಮೊದಲ ದಿನ ಮಕ್ಕಳ ಮುಂದೆ ಅವರನ್ನು ಚಿಕ್ಕವರನ್ನಾಗಿ ಮಾಡಿದ್ದೆ, ಅದು ನನ್ನ ಮನಸ್ಸಿನಲ್ಲಿ ಇತ್ತು. ಹುಡುಗ ಅಮ್ಮ ಹೇಳಿದ್ದನ್ನು ಬರೆದುಕೊಂಡ: ÷ 3, × 4. ಅದರ ಪಕ್ಕದಲ್ಲಿ 4/3 ಅಂತ ಬರೆದು ಸ್ವಲ್ಪ ಹೊತ್ತು ನೋಡಿದ. "ಓ, ಛೇದ ಮೇಲೆ ಹೋಗುವುದು ಇದಕ್ಕಾ!"

ಅವನಿಗೆ ಅಷ್ಟಕ್ಕೇ ಬಿಡುವ ಹಾಗಿರಲಿಲ್ಲ. ಎಂಟನೇ ಕ್ಲಾಸಿನವನಿಗೆ ಒಂದು ಉದಾಹರಣೆ ಸಾಕಾಗುವುದಿಲ್ಲ, ಎಲ್ಲ ಸಂಖ್ಯೆಗೂ ನಿಲ್ಲುವ ಕಾರಣ ಬೇಕು. ಎರಡು ದಾರಿ ತೋರಿಸಿದೆ. ಒಂದು ತಂಗಿಯ ದಾರಿ: ಎರಡನ್ನೂ ಕಾಲಿಗೆ ತರುವುದು. 3/4 ಮತ್ತು 2/4. ಛೇದ ಒಂದೇ ಆದ ಮೇಲೆ ಅದು ಬರೀ ಅಳತೆಯ ಹೆಸರು, ಉಳಿದದ್ದು 3 ÷ 2. ಇನ್ನೊಂದು, ಭಾಗಿಸುವ ಸಂಖ್ಯೆಯನ್ನು 1 ಮಾಡುವುದು. ಎರಡೂ ಕಡೆ ಎರಡರಿಂದ ಗುಣಿಸಿದರೆ ಉತ್ತರ ಬದಲಾಗುವುದಿಲ್ಲ: 3/4 × 2 ಅನ್ನು 1/2 × 2 ರಿಂದ, ಅಂದರೆ 1 ರಿಂದ ಭಾಗಿಸಬೇಕು. ಒಂದರಿಂದ ಭಾಗಿಸಿದರೆ ಇದ್ದದ್ದೇ ಉಳಿಯುತ್ತದೆ. ತಿರುಗಿಸಿದ ಸಂಖ್ಯೆಯ ಕೆಲಸವೇ ಅದು, ಭಾಗಿಸುವ ಸಂಖ್ಯೆಯನ್ನು ಒಂದಕ್ಕೆ ತರುವುದು. ಆದ್ದರಿಂದಲೇ ಎರಡನೆಯದನ್ನು ತಿರುಗಿಸಬೇಕು, ಮೊದಲನೆಯದನ್ನಲ್ಲ.

ಅವನೇ ಅಕ್ಷರ ಹಾಕಿ ಬರೆದ: a/b ÷ c/d = ad/bc. c ಸೊನ್ನೆ ಆಗಬಾರದು ಅಂತ ನಾನು ಸೇರಿಸಿದೆ. ಆಮೇಲೆ ಹಳೆಯ 2/3 ÷ 3/4 ತೆಗೆದೆ. ಈ ಸಲ ಲೆಕ್ಕ ಮಾಡುವ ಮೊದಲು ಒಂದು ಪ್ರಶ್ನೆ: ಉತ್ತರ ಒಂದಕ್ಕಿಂತ ಹೆಚ್ಚಾ, ಕಡಿಮೆಯಾ? ಮೂರನೇ ಎರಡು ಭಾಗ ಮುಕ್ಕಾಲಿಗಿಂತ ಸಣ್ಣದು, ಮುಕ್ಕಾಲಿನ ಪಾತ್ರೆ ಒಂದು ಸಲವೂ ತುಂಬುವುದಿಲ್ಲ, ಕಡಿಮೆ ಅಂದ. ಹಾಗಾದರೆ ನಿನ್ನ ಹಳೆಯ 9/8? ಅವನೇ ಅದಕ್ಕೆ ಗೆರೆ ಎಳೆದು 8/9 ಬರೆದ. ಯಾವುದನ್ನು ತಿರುಗಿಸುವುದು ಅಂತ ಮರೆತರೂ ಈ ಒಂದು ಪ್ರಶ್ನೆ ಇಂಥ ಕಡೆ ತಪ್ಪನ್ನು ಹಿಡಿದುಕೊಡುತ್ತದೆ. ಯಾಕೆಂದರೆ ತಪ್ಪಾಗಿ ತಿರುಗಿಸಿದರೆ ಬರುವುದು ಸರಿಯುತ್ತರದ ತಲೆಕೆಳಗು, ಒಂದರ ಆಚೆ ಇರಬೇಕಾದದ್ದು ಈಚೆ ಬಂದಿರುತ್ತದೆ.

ಮೂರು ವಾರದ ಮೇಲೆ

ಮೂವರಿಗೂ ಹೊಸ ಲೆಕ್ಕ ಕೊಟ್ಟು ನೋಡಿದೆ. ಅಣ್ಣ ಐದರಲ್ಲಿ ಐದೂ ಸರಿ ಮಾಡಿದ. ಪ್ರತಿ ಲೆಕ್ಕದ ಪಕ್ಕ ಮೊದಲೇ '1 ಕ್ಕಿಂತ ಹೆಚ್ಚು', 'ಕಡಿಮೆ' ಅಂತ ಬರೆದಿದ್ದ. ಅಮ್ಮ ಅಳತೆಯ ಲೆಕ್ಕಗಳನ್ನೆಲ್ಲ ಸರಿ ಮಾಡಿದರು. ಬರೀ ಸಂಖ್ಯೆ ಇದ್ದ ಒಂದರಲ್ಲಿ, 5/6 ÷ 1/2 ರಲ್ಲಿ, ಮತ್ತೆ ಅರ್ಧ ಮಾಡಿ 5/12 ಬರೆದರು. ವಾಪಸ್ ಕೊಟ್ಟಾಗ ತಾವೇ "ಎಷ್ಟು ಸಲ?" ಅಂತ ಜೋರಾಗಿ ಓದಿ, ತಿದ್ದಿ 5/3 ಮಾಡಿದರು. ಹಳೆಯ ಅರ್ಥ ಅಷ್ಟು ಬೇಗ ಜಾಗ ಬಿಡುವುದಿಲ್ಲ. ಪಕ್ಕದಲ್ಲಿ ಎಣ್ಣೆ ಇಲ್ಲದಾಗ ಅದೇ ಮೊದಲು ಬರುತ್ತದೆ. ಆದ್ದರಿಂದ ದೊಡ್ಡವರಿಗೆ ಬರೀ ಸಂಖ್ಯೆಯ ಲೆಕ್ಕವನ್ನೂ ಬೇಕಂತಲೇ ಕೊಡಬೇಕು, ಅವರು ಅದನ್ನು ಬಾಯಲ್ಲಿ ಓದಿ ಹೇಳುವಂತೆ ಮಾಡಬೇಕು. ಈಗ ಹಾಗೆಯೇ ಮಾಡುತ್ತಿದ್ದೇನೆ.

ತಂಗಿಗೆ ಒಂದೂಕಾಲು ಲೀಟರ್ ನೀರು ಕೊಟ್ಟಾಗ "ಎರಡು ಬಾಟಲಿ, ಮತ್ತೆ ಅರ್ಧ ಬಾಟಲಿ" ಅಂದಳು. ಆದರೆ ಮುಕ್ಕಾಲು ಮೀಟರ್ ರಿಬ್ಬನ್ ಕೊಟ್ಟು ಅರ್ಧ ಮೀಟರಿನ ತುಂಡು ಎಷ್ಟು ಅಂತ ಕೇಳಿದಾಗ, ಕತ್ತರಿಸಿ, "ಒಂದು ತುಂಡು ಮತ್ತೆ ಕಾಲು" ಅಂದಳು. ಬಾಟಲಿಯಲ್ಲಿ ಖಾಲಿ ಜಾಗ ಕಣ್ಣಿಗೆ ಕಾಣುತ್ತದೆ, ಅರ್ಧ ಅಂತ ಅದೇ ಹೇಳುತ್ತದೆ. ರಿಬ್ಬನ್ನಿನಲ್ಲಿ ಆ ಖಾಲಿ ಜಾಗ ಇಲ್ಲ. ನಾನು ನೀರನ್ನೊಂದೇ ಹಿಡಿದುಕೊಂಡು ಕಲಿಸಿದ್ದೆ.

ಉತ್ತರ ಹೇಳಲಿಲ್ಲ. "ಯಾವುದಕ್ಕೆ ಕಾಲು?" ಅಂತ ಕೇಳಿದೆ. ಅವಳು ಉಳಿದ ಸಣ್ಣ ತುಂಡನ್ನು ತೆಗೆದು, ಕತ್ತರಿಸಿದ ಅರ್ಧ ಮೀಟರಿನ ಮೇಲೆ ತುದಿಗೆ ತುದಿ ಸೇರಿಸಿ ಇಟ್ಟಳು. ಅದು ನಡುವಿನವರೆಗೆ ಬಂದು ನಿಂತಿತು. ಅಲ್ಲಿಗೆ ಬೆರಳಿಟ್ಟು, "ಮೀಟರಿಗೆ ಕಾಲು" ಅಂದಳು. ಬೆರಳನ್ನು ಹಾಗೆಯೇ ಇಟ್ಟುಕೊಂಡು ನನ್ನ ಮುಖ ನೋಡಿದಳು. "ತುಂಡಿಗೆ ಅರ್ಧ."